ಕೆಲಸದ ಪಾಠವನ್ನು ಸ್ಲೈಡ್ ಮಾಡುವಾಗ ಯಾವ ಅಂಕಿಯನ್ನು ಹೊರಗೆ ಬಿಡಬೇಕು?

ಪ್ರಶ್ನೆ: ನಾನು ಜಮಖಂಡಿ ಕಡೆ ಪಂಪ್‌ಸೆಟ್ ಮೋಟಾರ್ ರಿಪೇರಿ ಮಾಡುತ್ತೇನೆ. ಕೆಲಸದಲ್ಲಿ ಕಲಿತದ್ದನ್ನು ಇನ್‌ಸ್ಟಾಗ್ರಾಮ್‌ನಲ್ಲಿ ಸ್ಲೈಡ್ ಪೋಸ್ಟ್ ಮಾಡಿ ಹಾಕುತ್ತೇನೆ. ಲೈಕ್ ಬರುತ್ತವೆ, ಆದರೆ ಸೇವ್, ಶೇರ್ ಬರುವುದೇ ಇಲ್ಲ. ಎಂಥ ಟೆಂಪ್ಲೇಟ್ ಬಳಸಬೇಕು? ಎಷ್ಟು ಸ್ಲೈಡ್ ಇರಬೇಕು?

ವಿಜಯಪುರದಲ್ಲಿ ಹನಿ ನೀರಾವರಿ ಜೋಡಣೆ ಮತ್ತು ದುರಸ್ತಿ ನನ್ನ ಉದ್ಯೋಗ. ತಿಕೋಟಾ, ಬಬಲೇಶ್ವರ ಭಾಗದ ದ್ರಾಕ್ಷಿ ತೋಟಗಳಲ್ಲಿ ಹೆಚ್ಚಿನ ಕೆಲಸ. ಟೆಂಪ್ಲೇಟಿನ ಚಿಂತೆಯಲ್ಲಿ ನಾನೂ ಬಹಳ ಕಾಲ ಕಳೆದಿದ್ದೇನೆ. ನಿಮ್ಮ ತೊಂದರೆ ಟೆಂಪ್ಲೇಟಿನಲ್ಲಿ ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಓದಿ ಹೌದೆನಿಸಿದ್ದಕ್ಕೆ ಜನ ಲೈಕ್ ಒತ್ತುತ್ತಾರೆ, ಆದರೆ ನಾಳೆ ತೋಟದಲ್ಲಿ ನಿಂತಾಗ ಮತ್ತೆ ತೆರೆದು ನೋಡಬೇಕಾದೀತು ಎನಿಸಿದ್ದನ್ನು ಮಾತ್ರ ಸೇವ್ ಮಾಡುತ್ತಾರೆ. ಆ ಪೋಸ್ಟನ್ನು ಯಾರು, ಎಲ್ಲಿ, ಕೈಯಲ್ಲಿ ಏನು ಹಿಡಿದುಕೊಂಡು ಮತ್ತೆ ತೆರೆಯುತ್ತಾರೆ ಎಂದು ನೀವು ಹೇಳಲಾರಿರಿ ಎಂದಾದರೆ, ಯಾವ ಬಣ್ಣ ಹಾಕಿದರೂ ಅದು ಲೈಕಿನಲ್ಲಿಯೇ ಮುಗಿಯುತ್ತದೆ.

ನನ್ನ ಪೋಸ್ಟುಗಳಲ್ಲಿ ಮೊದಲು ಬಹಳ ಹರಡಿದ್ದು ಡ್ರಿಪ್ಪರ್‌ಗಳಿಗೆ ಆ್ಯಸಿಡ್ ಕೊಡುವ ಕ್ರಮದ ಬಗ್ಗೆ. ಈ ಭಾಗದ ಹಲವು ಬೋರ್‌ವೆಲ್‌ಗಳ ನೀರು ಗಡಸು. ಅದರಲ್ಲಿ ಕರಗಿರುವ ಸುಣ್ಣದ ಅಂಶ ಡ್ರಿಪ್ಪರಿನ ಬಾಯಲ್ಲಿ ಬಿಳಿಯಾಗಿ ಗಟ್ಟಿಕಟ್ಟಿ, ಸಾಲಿನ ಕೊನೆಯ ಗಿಡಗಳಿಗೆ ನೀರು ಕಡಿಮೆಯಾಗುತ್ತದೆ. ನೀರಿಗೆ ಆ್ಯಸಿಡ್ ಬೆರೆಸಿ ಪಿಎಚ್ ಅನ್ನು 4ರ ಸುಮಾರಿಗೆ ಇಳಿಸಿ, ಗಿಡಗಳ ಸಾಲಿನುದ್ದಕ್ಕೂ ಹಾಸಿದ ಲ್ಯಾಟರಲ್ ಪೈಪುಗಳಲ್ಲಿ ಒಂದು ದಿನ ನಿಲ್ಲಿಸಿ, ಆಮೇಲೆ ಎಂಡ್ ಕ್ಯಾಪ್ ತೆಗೆದು ತೊಳೆದುಬಿಟ್ಟರೆ ಆ ಸುಣ್ಣ ಕರಗಿ ಹೋಗುತ್ತದೆ. ಇದನ್ನೆಲ್ಲ ನಾನು 10 ಸ್ಲೈಡುಗಳಲ್ಲಿ ಹಂಚಿ ಬರೆದೆ. ನಾಲ್ಕನೆಯ ಸ್ಲೈಡಿನಲ್ಲಿ, ನನಗೆ ಪರಿಚಯವಿದ್ದ ತೋಟಗಳಲ್ಲಿ ಸರಿಹೋಗಿದ್ದ ಅಳತೆಯನ್ನು, 10 ಲೀಟರ್ ನೀರಿಗೆ ಇಷ್ಟು ಮಿ.ಲೀ. ಎಂದು ದೊಡ್ಡ ಅಕ್ಷರದಲ್ಲಿ ಹಾಕಿದೆ. ಪ್ರತಿಯೊಬ್ಬರೂ ತಮ್ಮ ನೀರನ್ನು ಪಿಎಚ್ ಕಾಗದದಿಂದ ಪರೀಕ್ಷಿಸಿಕೊಳ್ಳಬೇಕು ಎಂಬ ಮಾತು ಏಳನೆಯ ಸ್ಲೈಡಿನಲ್ಲಿ ಸಣ್ಣದಾಗಿ ಇತ್ತು.

ಆ ಪೋಸ್ಟು ಹರಡಿತು, ಆದರೆ ಹರಡಿದ್ದು 10 ಸ್ಲೈಡಿನ ಪೋಸ್ಟಲ್ಲ. ನಮ್ಮ ರೈತರು ಪರಸ್ಪರ ಕಳಿಸಿಕೊಳ್ಳುವುದು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ. ಇನ್‌ಸ್ಟಾಗ್ರಾಮಿನ ಕೊಂಡಿ ಕಳಿಸಿದರೆ, ಖಾತೆ ಇಲ್ಲದವರು ಅದನ್ನು ಪೂರ್ತಿ ನೋಡುವುದು ಕಷ್ಟ. ಹೀಗಾಗಿ ಮುಖ್ಯವೆನಿಸಿದ ಒಂದು ಸ್ಲೈಡಿನ ಸ್ಕ್ರೀನ್‌ಶಾಟ್ ತೆಗೆದು ಗುಂಪಿಗೆ ಹಾಕುತ್ತಾರೆ. ಎಲ್ಲರಿಗೂ ಮುಖ್ಯವೆನಿಸಿದ್ದು ನಾಲ್ಕನೆಯ ಸ್ಲೈಡು, ಏಕೆಂದರೆ ಅಂಕಿ ಇದ್ದದ್ದು ಅದರಲ್ಲಿ, ಮತ್ತು ಅದನ್ನು ದೊಡ್ಡದಾಗಿ ಬರೆದವನು ನಾನೇ.

ಬಾಗಲಕೋಟೆ ಕಡೆಯ ಒಬ್ಬ ದಾಳಿಂಬೆ ಬೆಳೆಗಾರರು ಆ ಒಂದೇ ಚಿತ್ರವನ್ನು ನಂಬಿ, ಅಷ್ಟೇ ಅಳತೆಯ ಆ್ಯಸಿಡ್ ಕೊಟ್ಟಿದ್ದರು. ಅವರ ನೀರಿನಲ್ಲಿ ಬೈಕಾರ್ಬೊನೇಟ್ ಹೆಚ್ಚಿತ್ತು. ಬೈಕಾರ್ಬೊನೇಟ್ ಆ್ಯಸಿಡ್ಡನ್ನು ಮೊದಲು ತಾನೇ ತಿಂದುಹಾಕುತ್ತದೆ. ಅದು ತೀರಿದ ಮೇಲೆಯೇ ಪಿಎಚ್ ಬೇಗ ಇಳಿಯತೊಡಗುತ್ತದೆ. ಆದ್ದರಿಂದ ಅವರ ಲ್ಯಾಟರಲ್‌ನಲ್ಲಿ ನಿಂತ ನೀರು ಸುಣ್ಣ ಕರಗಿಸುವಷ್ಟು ಹುಳಿಯಾಗಲೇ ಇಲ್ಲ. ಕೆಲಸ ಮುಗಿಯಿತು ಎಂದು ಅವರು ನೆಮ್ಮದಿಯಿಂದ ಇದ್ದರು. ಕಾಯಿ ಉಬ್ಬುವ ಹೊತ್ತಿಗೆ ಕೊನೆಯ ಸಾಲುಗಳಲ್ಲಿ ನೀರಿಲ್ಲ ಎಂದು ತಿಳಿದು, ಡ್ರಿಪ್ಪರ್‌ಗಳನ್ನೇ ಬದಲಿಸಬೇಕಾಯಿತು. ಅವರು ನನಗೆ ಫೋನು ಮಾಡಿ, ‘ತಮ್ಮಾ, ನೀ ಹಾಕಿದ ಅಳತಿ ನಮ್ಮ ನೀರಿಗೆ ಹತ್ತಲಿಲ್ಲಪಾ, ಮ್ಯಾಲ ಮತ್ತೇನರ ಬರದಿದ್ದೇನು?’ ಎಂದು ಕೇಳಿದರು. ಅವರ ಬಳಿ ಏಳನೆಯ ಸ್ಲೈಡು ಇರಲೇ ಇಲ್ಲ. ನಾನು ಪೋಸ್ಟನ್ನು ಅಳಿಸಿದೆ, ಆದರೆ ಆ ಚಿತ್ರ ಗುಂಪಿನಿಂದ ಗುಂಪಿಗೆ ಹೋಗುತ್ತಲೇ ಇತ್ತು. ಅದರ ಕೆಳಗೆ ನನ್ನ ಅಂಗಡಿಯ ಹೆಸರೂ ಇದ್ದುದರಿಂದ, ಆ ಭಾಗದಲ್ಲಿ ನನಗೆ ಕೆಲಸ ಕೊಡುವವರು ಕಡಿಮೆಯಾದರು.

ಸ್ಲೈಡಿನ ಕ್ರಮ ತಪ್ಪಿತ್ತು, ಎಚ್ಚರಿಕೆಯನ್ನು ಮೊದಲು ಹಾಕಿದ್ದರೆ ಸಾಕಿತ್ತು ಎಂದು ಹಲವರು ಹೇಳಿದರು. ಅದು ಸರಿಯಲ್ಲ. ಯಾವ ಕ್ರಮದಲ್ಲಿ ಇಟ್ಟರೂ ಜನ ಅಂಕಿಯಿರುವ ಸ್ಲೈಡನ್ನೇ ಕಿತ್ತುಕೊಂಡು ಹೋಗುತ್ತಿದ್ದರು. ನಿಜವಾದ ತಪ್ಪು ಏನೆಂದರೆ, ನೀರಿನಿಂದ ನೀರಿಗೆ ಬದಲಾಗುವ ಅಂಕಿಯನ್ನು ನಾನು ಎಲ್ಲರಿಗೂ ಒಂದೇ ಎಂಬಂತೆ ಹೊರಗೆ ಬಿಟ್ಟದ್ದು. ನಮ್ಮ ಕೆಲಸದ ತಿಳಿವಳಿಕೆಯಲ್ಲಿ ಎರಡು ಬಗೆಯ ಅಂಕಿಗಳಿವೆ. ಕೆಲವು ಎಲ್ಲಿಗೆ ಹೋದರೂ ನಿಜವಾಗಿ ಉಳಿಯುತ್ತವೆ, ಕೆಲವು ಹೊಲದ ಬದು ದಾಟಿದ ಕೂಡಲೇ ಸುಳ್ಳಾಗುತ್ತವೆ. ಸ್ಲೈಡ್ ಆಗಬೇಕಾದದ್ದು ಮೊದಲನೆಯ ಬಗೆಯದು ಮಾತ್ರ. ಎರಡನೆಯದರಲ್ಲಿ ಅಂಕಿಯನ್ನು ಬಿಟ್ಟು, ಅದನ್ನು ಕಂಡುಹಿಡಿಯುವ ವಿಧಾನವನ್ನು ಕೊಡಬೇಕು.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಮುಂದಿನ ಪೋಸ್ಟಿನ ವಿವರ ಹೇಳುತ್ತೇನೆ, ಏಕೆಂದರೆ ಇವತ್ತಿಗೂ ಜನ ಸೇವ್ ಮಾಡುತ್ತಿರುವುದು ಅದನ್ನೇ. ಡ್ರಿಪ್ಪರ್ ಕಟ್ಟಿಕೊಂಡಿದೆಯೇ ಎಂದು ತಿಳಿಯಲು ಅದರ ನೀರನ್ನು ಅಳೆಯಬೇಕು. ಗಂಟೆಗೆ 4 ಲೀಟರ್ ಬಿಡುವ ಡ್ರಿಪ್ಪರ್ ನಿಮಿಷಕ್ಕೆ ಸುಮಾರು 67 ಮಿ.ಲೀ. ಕೊಡುತ್ತದೆ. ಆ ಅಂಕಿ ಸರಿಯಾದರೂ ಯಾರ ನೆನಪಿನಲ್ಲಿಯೂ ಉಳಿಯುವಂಥದ್ದಲ್ಲ. ಅದೇ ಡ್ರಿಪ್ಪರನ್ನು 3 ನಿಮಿಷ ಅಳೆದರೆ 200 ಮಿ.ಲೀ. ಬರುತ್ತದೆ. 2 ಲೀಟರಿನದಕ್ಕೆ 100, 8 ಲೀಟರಿನದಕ್ಕೆ 400. ಈ ಮೂರು ಸಾಲುಗಳೇ ಆ ಪೋಸ್ಟಿನ ಜೀವ. ಬೆಳೆ ಯಾವುದೇ ಇರಲಿ, ಊರು ಯಾವುದೇ ಇರಲಿ, ಡ್ರಿಪ್ಪರಿಗೆ ಸರಿಯಾದ ಒತ್ತಡ ಸಿಗುತ್ತಿದ್ದರೆ ಈ ಅಂಕಿ ಬದಲಾಗುವುದಿಲ್ಲ. ಆ ಒತ್ತಡದ ಷರತ್ತನ್ನು ಬೇರೆ ಸ್ಲೈಡಿಗೆ ತಳ್ಳದೆ, ಅಂಕಿಯ ಕೆಳಗೆ ಅಷ್ಟೇ ದಪ್ಪದ ಅಕ್ಷರದಲ್ಲಿ ಬರೆದೆ.

ಮೊದಲ ಸ್ಲೈಡಿನಲ್ಲಿ ನನ್ನ ಹೆಸರನ್ನಾಗಲಿ, ‘ಹನಿ ನೀರಾವರಿ ನಿರ್ವಹಣೆ’ ಎಂಬ ಶೀರ್ಷಿಕೆಯನ್ನಾಗಲಿ ಹಾಕಲಿಲ್ಲ. ‘ಸಾಲಿನ ಕೊನೆಯ ಗಿಡಕ್ಕೆ ನೀರು ಸಾಲುತ್ತಿದೆಯೇ? 3 ನಿಮಿಷದಲ್ಲಿ ನೋಡಿ’ ಎಂದಷ್ಟೇ ಬರೆದೆ. ಎರಡನೆಯದರಲ್ಲಿ ಆ ಮೂರು ಸಾಲಿನ ಕೋಷ್ಟಕ. ಮೂರನೆಯದು ಅಳೆಯುವ ರೀತಿ: ಡ್ರಿಪ್ಪರಿನ ಕೆಳಗೆ ಸಣ್ಣ ಗುಂಡಿ ತೋಡಿ ಅಳತೆಗೆರೆಯಿರುವ ಲೋಟ ಇಡಬೇಕು, ಪೈಪಿನ ಗುಂಟ ನೀರು ಸರಿದು ಹೋಗದಂತೆ ಡ್ರಿಪ್ಪರಿನ ಬಳಿ ಒಂದು ದಾರ ಕಟ್ಟಬೇಕು. ಮದುವೆಯಲ್ಲಿ ಕೊಡುವ 200 ಮಿ.ಲೀ. ನೀರಿನ ಬಾಟಲಿ ಬಳಸುವುದಾದರೆ, ಬಾಯಿಯವರೆಗೆ ತುಂಬಿದಾಗ ಅದು 200ಕ್ಕಿಂತ ಹೆಚ್ಚು ಹಿಡಿಯುವುದರಿಂದ ಮೊದಲೇ ಅಳೆದು ಗೆರೆ ಹಾಕಿಕೊಳ್ಳಬೇಕು. ನಾಲ್ಕನೆಯದು ಫಲಿತಾಂಶ ಓದುವ ಬಗೆ: ಸಾಲಿನ ಮೊದಲಲ್ಲೂ ಕೊನೆಯಲ್ಲೂ ಒಂದೇ ಪ್ರಮಾಣದಲ್ಲಿ ಕಡಿಮೆ ಬಂದರೆ ಮೊದಲು ಫಿಲ್ಟರನ್ನೂ ಒತ್ತಡವನ್ನೂ ನೋಡಬೇಕು, ಅಲ್ಲೊಂದು ಇಲ್ಲೊಂದು ಡ್ರಿಪ್ಪರ್ 180ಕ್ಕಿಂತ ಕೆಳಗೆ ಇಳಿದಿದ್ದರೆ ಅವು ಕಟ್ಟಿಕೊಳ್ಳತೊಡಗಿವೆ ಎಂದು ತಿಳಿಯಬೇಕು. 180 ಎಂಬುದು 4 ಲೀಟರಿನ ಡ್ರಿಪ್ಪರಿಗೆ ಮಾತ್ರ ಎಂದು ಅದೇ ವಾಕ್ಯದಲ್ಲಿ ಸೇರಿಸಿದೆ. ಅಲ್ಲಿಗೆ ಪೋಸ್ಟು ಮುಗಿಯಿತು. ಸ್ಲೈಡ್ ಎಷ್ಟಿರಬೇಕು ಎಂಬ ನಿಮ್ಮ ಪ್ರಶ್ನೆಗೆ ನನ್ನಲ್ಲಿರುವುದು ಇಷ್ಟೇ ಉತ್ತರ. ಒಂದು ಕೆಲಸ ಕೈಯಿಂದ ಮಾಡಿ ಮುಗಿಸಲು ಎಷ್ಟು ಬೇಕೋ ಅಷ್ಟು, ಮತ್ತು ಪ್ರತಿಯೊಂದನ್ನೂ ಬೇರೆಯಾಗಿ ಕತ್ತರಿಸಿ ಕಳಿಸಿದರೂ ಅದು ಸುಳ್ಳು ಹೇಳಬಾರದು. ಹಾಕುವ ಮೊದಲು ನಾನು ಒಂದೊಂದು ಸ್ಲೈಡನ್ನೂ ಪೋಸ್ಟು ನೋಡಿರದ ಒಬ್ಬ ರೈತರಿಗೆ ವಾಟ್ಸ್‌ಆ್ಯಪಿನಲ್ಲಿ ಕಳಿಸಿ, ‘ಇದನ್ನ ನೋಡಿ ನೀವು ಏನ ಮಾಡ್ತೀರಿ?’ ಎಂದು ಕೇಳುತ್ತೇನೆ. ಅವರು ತಪ್ಪು ಹೇಳಿದರೆ ಆ ಸ್ಲೈಡನ್ನು ತಿದ್ದುತ್ತೇನೆ.

ಆ್ಯಸಿಡ್ಡಿನ ಅಳತೆಯನ್ನು ಮಾತ್ರ ಮತ್ತೆಂದೂ ಸ್ಲೈಡ್ ಮಾಡಲಿಲ್ಲ. ಬಕೆಟಿನಲ್ಲಿ ತಮ್ಮದೇ ನೀರು ತೆಗೆದುಕೊಂಡು, ಆ್ಯಸಿಡ್ಡಿಗೆ ನೀರು ಸುರಿಯದೆ ನೀರಿಗೇ ಆ್ಯಸಿಡ್ಡನ್ನು ಸ್ವಲ್ಪ ಸ್ವಲ್ಪವಾಗಿ ಹಾಕುತ್ತಾ, ಪಿಎಚ್ ಕಾಗದ ನೋಡುತ್ತಾ ಹೋಗುವ ಕೆಲಸವನ್ನು ಕೈಗವಸು ತೊಟ್ಟು ಪಕ್ಕದಲ್ಲಿ ನಿಂತು ತೋರಿಸಬೇಕು. ಮನುಷ್ಯನ ಕಣ್ಣು, ಕೈ ಸುಡುವ ಕೆಲಸವನ್ನು ಚಿತ್ರದಲ್ಲಿ ಕಳಿಸುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ.

ಅಕ್ಷರಗಳ ಬಗ್ಗೆ ಒಂದು ಮಾತು. ಇಂಗ್ಲಿಷಿಗೆ ಮಾಡಿದ ಟೆಂಪ್ಲೇಟಿನಲ್ಲಿ ಕನ್ನಡ ಬರೆದರೆ ಸಾಲುಗಳ ನಡುವೆ ಜಾಗ ಸಾಲದೆ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆ, ವಾಟ್ಸ್‌ಆ್ಯಪ್ ಚಿತ್ರವನ್ನು ಕುಗ್ಗಿಸಿದ ಮೇಲಂತೂ ಓದಲು ಬರುವುದಿಲ್ಲ. 1080×1350 ಅಳತೆಯ ಬಿಳಿ ಹಾಳೆ, ಯೂನಿಕೋಡ್‌ನ ಸರಳ ದಪ್ಪ ಅಕ್ಷರ, ಅಕ್ಷರದ ಎತ್ತರದ ಒಂದೂವರೆ ಪಟ್ಟು ಸಾಲಿನ ಅಂತರ ಇದ್ದರೆ ಸಾಕು. ಹಾಕುವ ಕಾಲ ಇದಕ್ಕಿಂತ ಮುಖ್ಯ. ನಾನು ಆ ಪೋಸ್ಟನ್ನು ದ್ರಾಕ್ಷಿ ಬಳ್ಳಿ ಸವರುವ ಅಕ್ಟೋಬರ್ ಚಾಟ್ನಿಗೆ ಮುಂಚೆ, ಎಲ್ಲರೂ ಪೈಪು ಪರೀಕ್ಷಿಸುವ ದಿನಗಳಲ್ಲಿ ಹಾಕಿದ್ದೆ.

ಈಗ ನಿಮ್ಮ ಕೆಲಸಕ್ಕೆ ಬರುತ್ತೇನೆ. ‘ಮೋಟಾರ್ ಸುಡಲು 10 ಕಾರಣಗಳು’ ಎಂಬಂಥ ಪೋಸ್ಟನ್ನು ಯಾರೂ ಮತ್ತೆ ತೆರೆಯುವುದಿಲ್ಲ, ಏಕೆಂದರೆ ಮೋಟಾರ್ ಸುಟ್ಟ ಮೇಲೆ ಅವರು ನೇರವಾಗಿ ನಿಮ್ಮ ಅಂಗಡಿಗೇ ಬರುತ್ತಾರೆ. ಸ್ಟಾರ್ಟರ್ ಒತ್ತುವ ಮೊದಲಿನ ಕ್ಷಣವನ್ನು ಹಿಡಿಯಿರಿ. ಪ್ಯಾನೆಲ್ ತೆರೆಯದೆ, ಹೊರಗಿನ ವೋಲ್ಟ್ ಮೀಟರಿನ ಸ್ವಿಚ್ ತಿರುಗಿಸಿ ಮೂರೂ ಫೇಸ್‌ಗಳ ವೋಲ್ಟೇಜ್ ಹೆಚ್ಚುಕಡಿಮೆ ಸಮವಾಗಿದೆಯೇ ಎಂದು ನೋಡುವುದನ್ನು ತೋರಿಸಿ. ಅದು ಎಲ್ಲಿಗೆ ಹೋದರೂ ನಿಜ. ಓವರ್‌ಲೋಡ್ ರಿಲೇಯನ್ನು ಎಷ್ಟು ಆಂಪಿಯರಿಗೆ ಇಡಬೇಕು ಎಂಬ ಅಂಕಿಯನ್ನು ಮಾತ್ರ ಎಚ್‌ಪಿ ಲೆಕ್ಕದಲ್ಲಿ ಬರೆಯಬೇಡಿ. ಡಿಒಎಲ್ ಸ್ಟಾರ್ಟರಿನಲ್ಲಿ ನೇಮ್‌ಪ್ಲೇಟಿನ ಆಂಪಿಯರಿಗೇ ಇಡುವುದು ವಾಡಿಕೆ. ಸ್ಟಾರ್-ಡೆಲ್ಟಾದಲ್ಲಿ ರಿಲೇ ವೈಂಡಿಂಗ್ ಫೇಸಿನಲ್ಲಿ ಇದ್ದರೆ ಅದರ 0.58 ಪಟ್ಟು ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಸ್ಟಾರ್ಟರಿನ ಹೆಸರಿಲ್ಲದೆ ಆ ಅಂಕಿಯೊಂದೇ ಮುಧೋಳದ ಯಾವುದೋ ಗುಂಪಿಗೆ ಹೋದರೆ, ಸ್ಟಾರ್-ಡೆಲ್ಟಾ ಇದ್ದವರು ಪೂರ್ತಿ ಆಂಪಿಯರಿಗೆ ರಿಲೇ ಇಟ್ಟುಬಿಡುತ್ತಾರೆ, ಮತ್ತು ಓವರ್‌ಲೋಡ್ ಬಂದ ದಿನ ಆ ರಿಲೇ ಟ್ರಿಪ್ ಆಗುವ ಮೊದಲೇ ವೈಂಡಿಂಗ್ ಸುಟ್ಟಿರುತ್ತದೆ.