ದೊಡ್ಡ ಗಡಿಯಾರ ವಾಲಿರೋದು ಹಾಳೆಯಲ್ಲೋ, ಫೋಟೋದಲ್ಲೋ?

ನಮ್ಮ ಚಿತ್ರಕಲೆ ಗುಂಪಿನಲ್ಲಿ ಒಬ್ರು ಮೈಸೂರಿನ ದೊಡ್ಡ ಗಡಿಯಾರದ ಗೋಪುರ ಬಿಡಿಸಿ, ಆ ಹಾಳೆಯ ಫೋಟೋ ಹಾಕಿ ಹೀಗೆ ಕೇಳಿದ್ದಾರೆ: «ದೊಡ್ಡ ಗಡಿಯಾರ, ಎ4 ಹಾಳೆ, ಪೆನ್ಸಿಲ್. ಎರಡು ಗಂಟೆ ಹಿಡೀತು. ಇನ್ನೂ ಚೆನ್ನಾಗಿ ಬರೋಕೆ ಏನು ಮಾಡ್ಬೇಕು, ಹೇಳಿ.»

ಮೇಲೆ ಮೂರು ಜನ «ಕಪ್ಪು ಸಾಲದು, 8ಬಿ ಪೆನ್ಸಿಲ್ ಹಾಕಿ» ಅಂದಿದ್ದಾರೆ, ಒಬ್ರು «ಗೋಪುರ ವಾಲಿದೆ, ಪರ್ಸ್ಪೆಕ್ಟಿವ್ ಕಲಿತು ಬನ್ನಿ» ಅಂದಿದ್ದಾರೆ. ಗೋಪುರ ನೋಡೋಕೆ ಮೊದಲು ಹಾಳೆಯ ನಾಲ್ಕು ಅಂಚು ಯಾರಾದ್ರೂ ನೋಡಿದ್ರಾ ಸ್ವಾಮಿ? ಈ ತಪ್ಪು ನಾನೂ ಬೇಕಾದಷ್ಟು ಮಾಡಿದೀನಿ, ಅದಕ್ಕೇ ಸುಮ್ನಿರೋಕೆ ಆಗ್ತಿಲ್ಲ.

ನನ್ನ ಫೋನಿನ ಪರದೆ ಮೇಲೇ ಸ್ಕೇಲ್ ಇಟ್ಟು ಅಳೆದೆ. ಹಾಳೆಯ ಕೆಳಗಿನ ಅಂಚು 62 ಮಿ.ಮೀ., ಮೇಲಿನ ಅಂಚು 55. ಎತ್ತರ 78. ಎ4 ಹಾಳೆ ಅಗಲದ 1.41 ಪಟ್ಟು ಎತ್ತರ ಇರುತ್ತೆ; ಸರಾಸರಿ ಅಗಲ ಹಿಡಿದ್ರೂ 82–83 ಬರಬೇಕಿತ್ತು. ಅಂದ್ರೆ ಹಾಳೆನ ಮೇಜಿನ ಮೇಲೆ ಮಲಗಿಸಿ, ಕೂತ ಕಡೆಯಿಂದಲೇ ಫೋನ್ ಓರೆ ಹಿಡಿದು ಕ್ಲಿಕ್ ಮಾಡಿದ್ದಾರೆ. ದೂರದ ಅಂಚು ಕಿರಿದಾಯ್ತು, ಎತ್ತರವೂ ಒಂಚೂರು ಕುಗ್ಗಿತು. ಗೋಪುರದ ಅಗಲ ಬುಡದಲ್ಲಿ 15, ಗಡಿಯಾರದ ಹತ್ರ 14 ಇದೆ. ಹಾಳೆ ಕಿರಿದಾದ ಲೆಕ್ಕಕ್ಕೂ ಇದಕ್ಕೂ ಸರಿಹೋಯ್ತು. ಆದ್ದರಿಂದ ಮೇಲಕ್ಕೆ ಹೋಗ್ತಾ ಸಣ್ಣಗಾಗಿರೋದನ್ನ ಬಿಡಿಸಿದವರ ತಲೆಗೆ ಕಟ್ಟಬೇಡಿ.

ವಾಲಿರೋದು ಮಾತ್ರ ಬೇರೆ ವಿಷಯ. ಫೋಟೋದಲ್ಲಿ ಹಾಳೆಯ ಎಡ ಅಂಚು, ಬಲ ಅಂಚು ಎರಡೂ ಒಂದೇ ಉದ್ದ ಇವೆ, ಫೋನ್ ಪಕ್ಕಕ್ಕೆ ಓರೆಯಾಗಿಲ್ಲ. ಹಾಗಿದ್ದ ಮೇಲೆ ನಟ್ಟನಡುವೆ ಬಿಡಿಸಿದ ಗೋಪುರ ಫೋಟೋದಲ್ಲೂ ನೆಟ್ಟಗೇ ನಿಲ್ಲಬೇಕು. ಬುಡದ ನಡು ಎಡ ಅಂಚಿಂದ 31ರಲ್ಲಿದೆ, ಅದು 62ರ ಸರಿ ಅರ್ಧ. ತುದಿ ಮೇಲಂಚಿಗೆ ಅಂಟಿಕೊಂಡ ಹಾಗೇ ಇದೆ, ಅಲ್ಲಿ 27.5ರಲ್ಲಿ ಇರಬೇಕಿದ್ದದ್ದು 30ರಲ್ಲಿದೆ. ಪರದೆ ಮೇಲಿನ ಈ ಎರಡೂವರೆ ಮಿ.ಮೀ. ನಿಜವಾದ ಹಾಳೆಯಲ್ಲಿ 9–10 ಮಿ.ಮೀ. ಆಗುತ್ತೆ. ಪರ್ಸ್ಪೆಕ್ಟಿವ್ ಅಂದವರು ಅರ್ಧ ಸರಿ: ಬಲಕ್ಕೆ ವಾಲಿರೋದು ನಿಜ, ಆದ್ರೆ ಕಾರಣ ಪರ್ಸ್ಪೆಕ್ಟಿವ್ ಅಲ್ಲ, ಮೊಣಕೈ. ಬಲಗೈಯವರು ಮೊಣಕೈ ಊರಿಕೊಂಡು ಉದ್ದ ಗೆರೆ ಎಳೆದ್ರೆ ಕೈ ಕಮಾನಿನ ಹಾಗೆ ತಿರುಗುತ್ತೆ. ಬೋರ್ಡನ್ನ ತೊಡೆ ಮೇಲೆ ಓರೆಯಾಗಿ ನಿಲ್ಲಿಸಿಕೊಂಡು, ಭುಜದಿಂದ ಎಳೆಯಿರಿ. ಶುರುವಿನಲ್ಲೇ ಹಾಳೆಯ ಎಡ ಅಂಚಿಂದ ಮೇಲೆ, ಕೆಳಗೆ ಒಂದೇ ಅಳತೆಗೆ ಚುಕ್ಕಿ ಇಟ್ಟು ತೆಳುವಾಗಿ ಒಂದು ನಡುಗೆರೆ ಹಾಕ್ಕೊಳ್ಳಿ. ಅರ್ಧ ಆದ ಮೇಲೆ ಹಾಳೆ ತಲೆಕೆಳಗು ಮಾಡಿ ನೋಡಿದ್ರೆ ವಾಲಿದ್ದು ತಾನೇ ಕಣ್ಣಿಗೆ ಹೊಡೆಯುತ್ತೆ.

ಒಂದು ತೊಡಕು ಇದೆ. ಅಲ್ಲೇ ಕೂತು ಬಿಡಿಸಿದ್ದೋ, ಫೋನಿನ ಫೋಟೋ ನೋಡಿ ಬಿಡಿಸಿದ್ದೋ ಅವರು ಹೇಳಿಲ್ಲ. ಗೋಪುರ ಸುಮಾರು 75 ಅಡಿ. 50 ಅಡಿ ದೂರದಲ್ಲಿ ನಿಂತು ಫೋನ್ ಮೇಲಕ್ಕೆ ಎತ್ತಿದ್ರೆ ಆ ಫೋಟೋದಲ್ಲೇ ಗೋಪುರ ಮೇಲಕ್ಕೆ ಹೋಗ್ತಾ ಸಣ್ಣಗಾಗಿರುತ್ತೆ, ಅದನ್ನ ನೋಡಿ ಬಿಡಿಸಿದ್ರೆ ಹಾಳೆಗೂ ಬಂದಿರಬಹುದು. ನನ್ನ ಅಳತೆಯಲ್ಲಿ ಅರ್ಧ ಮಿ.ಮೀ. ಆಚೆ ಈಚೆ ಆಗಿದ್ರೆ ಗೋಪುರದ ಅಗಲದ ಲೆಕ್ಕ ನಿಲ್ಲಲ್ಲ. ಅವರೇ ಹಾಳೆ ಮೇಲೆ ಸ್ಕೇಲ್ ಇಟ್ಟು ಬುಡದ ಅಗಲ, ಗಡಿಯಾರದ ಕೆಳಗಿನ ಅಗಲ ಹೇಳಲಿ, ಆಮೇಲೆ ಮಾತಾಡೋಣ. ಮುಂದಿನ ಸಲ ಪುರಭವನದ ಕಡೆಗೆ ಸರಿದು, 150 ಅಡಿಯಷ್ಟು ದೂರದಿಂದ ನೋಡಿ ಬಿಡಿಸಿ, ಕತ್ತು ಅಷ್ಟು ಎತ್ತಬೇಕಾಗಲ್ಲ.

ಈಗ 8ಬಿ ಪಂಗಡಕ್ಕೆ. ಫೋಟೋದ ಮೂಲೆಯಲ್ಲಿ ಪೆನ್ಸಿಲ್ ಮುಟ್ಟದ ಹಾಳೆ ನೋಡಿ, ಬೂದಿ ಬಣ್ಣಕ್ಕಿದೆ. ಫ್ರೇಮ್ ತುಂಬ ಬಿಳಿ ಇದ್ರೆ ಫೋನ್ ತಾನಾಗೇ ಅದನ್ನ ಬೂದು ಮಾಡಿಬಿಡುತ್ತೆ, ಅದಕ್ಕೇ ಇಡೀ ಚಿತ್ರ ಮಂಕು. ಅದರ ಮೇಲೆ ಗೋಪುರದ ನೆರಳಿನ ಭಾಗದಲ್ಲಿ ಕಿಟಕಿ ಬೆಳಕು ಹೊಳೀತಿದೆ. ಒತ್ತಿ ತುಂಬಿದ ಗ್ರಾಫೈಟ್ ಕನ್ನಡಿ ಥರ ಮಿನುಗುತ್ತೆ, ಕಪ್ಪು ಇದ್ದ ಜಾಗವೇ ಫೋಟೋದಲ್ಲಿ ಬೆಳ್ಳಗೆ ಕಾಣುತ್ತೆ. ಅದರ ಮೇಲೆ ಇನ್ನೂ 8ಬಿ ಒತ್ತಿದ್ರೆ ಇನ್ನೂ ಮಿನುಗುತ್ತೆ, ಅಷ್ಟೇ. ನಿಜವಾದ ಕಪ್ಪೇ ಬೇಕು ಅಂದ್ರೆ ಚಾರ್ಕೋಲ್ ಪೆನ್ಸಿಲ್, ಅದೂ ಖಾಲಿ ಹಾಳೆ ಮೇಲೆ ಮೊದಲೇ. ಗ್ರಾಫೈಟ್ ಒತ್ತಿದ ಜಾಗದಲ್ಲಿ ಚಾರ್ಕೋಲ್ ಜಾರುತ್ತೆ, ಕಚ್ಚಲ್ಲ. ದುಬಾರಿ ಪೆನ್ಸಿಲ್ ಸೆಟ್ ತಗೊಳ್ಳಿ ಅಂದವರಿಗೆ ಒಂದು ಮಾತು: ಈ ಕೆಲಸಕ್ಕೆ ಅಪ್ಸರ, ಕ್ಯಾಮ್ಲಿನ್ ಧಾರಾಳ ಸಾಕು. ದುಡ್ಡು ಹಾಕೋದಾದ್ರೆ ಹಾಳೆಗೆ ಹಾಕಿ. ಜೆರಾಕ್ಸ್ ಹಾಳೆ ನುಣ್ಣಗಿರುತ್ತೆ, ಎರಡು ಪದರ ಆದ ಮೇಲೆ ಪೆನ್ಸಿಲ್ ಹಿಡಿಯಲ್ಲ.

ಹಾಗಾದ್ರೆ ಕಪ್ಪು ನಿಜಕ್ಕೂ ಸಾಲದೋ, ಫೋಟೋ ತಿಂದು ಹಾಕಿದೆಯೋ ಅಂತ ಗೊತ್ತಾಗೋದು ಹೇಗೆ? ಪಟ್ಟಿ ಇಡಿ. ಈ ಗುಂಪಿನಲ್ಲಿ ಎಷ್ಟು ಸಲ ಹೇಳಿದ್ರೂ ಯಾರೂ ಇಡಲ್ಲ. ಬಿಡಿಸಿದ ಹಾಳೆಯದ್ದೇ ಒಂದು ಚೂರಿನಲ್ಲಿ ಒಂದೊಂದು ಸೆಂ.ಮೀ.ನ ಐದು ಚೌಕ ಹಾಕಿ. ಮೊದಲನೇದು ಖಾಲಿ, ಎರಡನೇದು ಎಚ್‌ಬಿ ಮೆತ್ತಗೆ, ಮೂರನೇದು ಎಚ್‌ಬಿ ಒತ್ತಿ, ನಾಲ್ಕು 4ಬಿ, ಐದನೇದು ನಿಮ್ಮ ಹತ್ರ ಇರೋ ಅತಿ ಕಪ್ಪು. ಅದನ್ನ ಚಿತ್ರದ ಪಕ್ಕ ಇಟ್ಟು ಒಂದೇ ಫೋಟೋ ತೆಗೀರಿ. ಫೋಟೋ ಎಷ್ಟೇ ಮಂಕಾಗಿರಲಿ, ಎರಡೂ ಒಂದೇ ಥರ ಮಂಕಾಗಿರುತ್ತೆ. ನೋಡುವವರು ಆಗ «ಶೇಡಿಂಗ್ ಸುಧಾರಿಸಿ» ಅಂತ ಗಾಳಿಯಲ್ಲಿ ಗುಂಡು ಹೊಡೆಯೋ ಬದಲು «ನೆರಳಿನ ಗೋಡೆ ಮೂರರಲ್ಲಿದೆ, ನಾಲ್ಕಕ್ಕೆ ತನ್ನಿ» ಅನ್ನಬಹುದು. ಆದ್ರೆ ಪಟ್ಟಿ ಮೇಲೂ ಹೊಳಪು ಬಿದ್ರೆ ಅದೂ ಸುಳ್ಳು ಹೇಳುತ್ತೆ.

ಪಟ್ಟಿ ಇಲ್ಲದೆ ಈಗ ಹೇಳಬಹುದಾದದ್ದು ಒಂದೇ. ಈ ಚಿತ್ರದಲ್ಲಿ ಅತಿ ಕಪ್ಪು ಇರೋದು ಗಡಿಯಾರದ ಕನ್ನಡ ಅಂಕಿಗಳಲ್ಲಿ ಮಾತ್ರ. ನೆರಳಿನ ಗೋಡೆಗೂ ಹಿಂದಿನ ಆಕಾಶಕ್ಕೂ ಹೊಳಪಿಲ್ಲದ ಜಾಗದಲ್ಲೂ ಅಂಥ ವ್ಯತ್ಯಾಸ ಇಲ್ಲ, ಅದಕ್ಕೇ ಗೋಪುರ ರಟ್ಟಿನ ಹಾಗೆ ಚಪ್ಪಟೆ. ಅಂಕಿ ಮುಟ್ಟಬೇಡಿ. ನೆರಳಿನ ಗೋಡೆ ಒಂದನ್ನೇ 4ಬಿಯಲ್ಲಿ, ಒತ್ತದೆ, ಮೂರು ತೆಳು ಪದರ ಹಾಕಿ ಮತ್ತೆ ಪೋಸ್ಟ್ ಮಾಡಿ. ಕಣ್ಣು ಗಡಿಯಾರಕ್ಕೇ ಹೋಗಬೇಕೋ, ಇಡೀ ಗೋಪುರಕ್ಕೋ ಅಂತ ನೀವೇ ಹೇಳಿ. ಎರಡನೇದಾದ್ರೆ ಅಂಕಿಗಳ ವಿಷಯದಲ್ಲಿ ನನ್ನ ಮಾತು ಬದಲಾಗುತ್ತೆ.

ಫೋಟೋಗೆ: ಹಾಳೆನ ಗೋಡೆಗೆ ಒರಗಿಸಿ, ಬೆಳಕು ಪಕ್ಕದಿಂದ ಓರೆಯಾಗಿ ಬೀಳಲಿ, ಫ್ಲ್ಯಾಶ್ ಬೇಡವೇ ಬೇಡ. ಎರಡು ಅಡಿ ಹಿಂದೆ ಸರಿದು 2 ಪಟ್ಟು ಝೂಮ್ ಮಾಡಿ, ಹತ್ರದಿಂದ ತೆಗೆದಷ್ಟೂ ಸಣ್ಣ ಓರೆಯೂ ದೊಡ್ಡದಾಗುತ್ತೆ. ಫೋನಿನ ಪರದೆಯಲ್ಲಿ ಕಾಣೋ ಹಾಳೆ ಮೇಲೆ ಬೆರಳಿಟ್ಟು, ಅಲ್ಲಿ ಬರೋ ಸೂರ್ಯನ ಗುರುತನ್ನ ಮೇಲಕ್ಕೆಳೆದು ಹಾಳೆ ಬಿಳಿ ಆಗೋವರೆಗೆ ತನ್ನಿ, ತೆಳು ಗೆರೆ ಮಾಯವಾಗೋಕೆ ಶುರುವಾದ್ರೆ ನಿಲ್ಲಿಸಿ. ಸ್ಕ್ಯಾನ್ ಆ್ಯಪಿನ ಕಪ್ಪು-ಬಿಳುಪು ಫಿಲ್ಟರ್ ಹಾಕಿ ಕಳಿಸೋರೇ, ಎಚ್‌ಬಿ ಶೇಡ್ ಅಷ್ಟೂ ಅದು ನುಂಗುತ್ತೆ ಕಣ್ರೀ. ವಾಟ್ಸ್ಆ್ಯಪಿನಲ್ಲಾದ್ರೆ ಡಾಕ್ಯುಮೆಂಟ್ ಆಗಿ ಕಳಿಸಿ.

ಜಲವರ್ಣದ ಹಾಳೆ ಅಲೆಅಲೆಯಾಗುತ್ತೆ ಅಂತ ಇದರ ಕೆಳಗೇ ಕೇಳಿದ ಮೇಡಂ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. 300 ಜಿಎಸ್‌ಎಂ ಹಾಳೆ ತಗೊಂಡು ನಾಲ್ಕೂ ಕಡೆ ಟೇಪ್ ಹಾಕಿ, ಪೂರ್ತಿ ಒಣಗೋವರೆಗೆ ಕೀಳಬೇಡಿ. ಆದ್ರೂ ಅಲೆ ಬಂದ್ರೆ ಬೇರೆ ಪೋಸ್ಟ್ ಹಾಕಿ, ಫೋಟೋನ ಪಕ್ಕದಿಂದ ತೆಗೀರಿ, ಮೇಲಿಂದ ತೆಗೆದ್ರೆ ಅಲೆ ಕಾಣಲ್ಲ.