ಹೈಲೈಟ್ಸ್‌ನಲ್ಲಿ ಇಲ್ಲದ ಓವರ್‌ಗಳು: ಒಂದು ಆಪ್ತಸಲಹೆ ಪ್ರಕರಣ

ಈ ಬರಹದಲ್ಲಿ ಅವರನ್ನು ರಾಯರು ಎಂದು ಕರೆಯುತ್ತೇನೆ. ಹೆಸರು, ಊರು, ಉದ್ಯೋಗದ ವಿವರಗಳನ್ನು ಬದಲಿಸಿದ್ದೇನೆ. ಪ್ರಕಟಿಸಲು ಅವರ ಒಪ್ಪಿಗೆ ಇದೆ.

ರಾಯರಿಗೆ ಐವತ್ತಾರು ವರ್ಷ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡ ಮೇಲೆ ಸ್ವಯಂ ನಿವೃತ್ತಿ ಪಡೆದು ಮನೆಯಲ್ಲಿದ್ದರು. ಮೊದಲ ದಿನ ಜೊತೆಗೆ ಬಂದಿದ್ದ ಅವರ ಪತ್ನಿಯೇ ಮಾತು ಶುರುಮಾಡಿದರು. "ಕ್ರಿಕೆಟ್ ನೋಡಬೇಡಿ ಎಂದು ನಾನು ಯಾವತ್ತೂ ಹೇಳಿಲ್ಲ ಮೇಡಂ. ಮೊದಲು ಇವರು ಮ್ಯಾಚ್ ನೋಡಿ ಎದ್ದರೆ ಮನೆಯಲ್ಲಿ ಮಾತು ಇರುತ್ತಿತ್ತು. ಈಗ ರಾತ್ರಿ ಒಂದು ಗಂಟೆಯವರೆಗೆ ಮೊಬೈಲ್‌ನಲ್ಲಿ ನೋಡಿದ್ದನ್ನೇ ನೋಡುತ್ತಾರೆ. ಎದ್ದಾಗ ಮುಖ ಸಪ್ಪಗಿರುತ್ತದೆ."

ರಾಯರು ಅದನ್ನು ಅಲ್ಲಗಳೆಯಲಿಲ್ಲ. "ಹತ್ತು ನಿಮಿಷದಲ್ಲಿ ಇಡೀ ಮ್ಯಾಚ್ ಮುಗಿಯುತ್ತದೆ. ಬರೀ ಬೌಂಡರಿ, ವಿಕೆಟ್. ಒಂದು ಮುಗಿದರೆ ಇನ್ನೊಂದು ತಾನಾಗಿಯೇ ಬರುತ್ತದೆ. ಕೊನೆಗೆ ಏನೂ ಉಳಿಯುವುದಿಲ್ಲ. ಇದಕ್ಕಿಂತ ಬೇರೆ ಏನಾದರೂ ನೋಡಬೇಕು, ಆದರೆ ಏನು ಎಂದು ಗೊತ್ತಾಗುತ್ತಿಲ್ಲ" ಎಂದರು.

ನಿದ್ರೆ, ಔಷಧಿ, ನಡಿಗೆಯ ವಿಚಾರಗಳನ್ನು ಅವರ ವೈದ್ಯರ ಜೊತೆ ಸೇರಿ ನೋಡಿಕೊಂಡೆವು. ಇಲ್ಲಿ ಬರೆಯುತ್ತಿರುವುದು ಅವರು ಕೇಳಿದ ಆ ಇನ್ನೊಂದು ಪ್ರಶ್ನೆಯ ಬಗ್ಗೆ. ಅದನ್ನು ನಾನು ಮೊದಲು ಹಗುರವಾಗಿ ತೆಗೆದುಕೊಂಡೆ. ಒಂದು ಫ್ರಾಂಚೈಸಿ ತಂಡದ ಮೇಲೆ ಬಂದಿದ್ದ ಸರಣಿಯೊಂದರ ಹೆಸರು ಹೇಳಿ ಕಳುಹಿಸಿದೆ. ಮುಂದಿನ ವಾರ ಬಂದವರು, "ಎಲ್ಲರೂ ಎಲ್ಲರನ್ನೂ ಹೊಗಳುತ್ತಾರೆ ಮೇಡಂ. ಸೋತ ಮ್ಯಾಚ್ ಬಂದಾಗ ಸಂಗೀತ ಜೋರಾಗುತ್ತದೆ, ಮಾತು ನಿಲ್ಲುತ್ತದೆ" ಎಂದರು. ಆ ಒಂದು ವಾಕ್ಯದಿಂದ ನಾನು ಬಹಳ ಕಲಿತೆ. ಅವರಿಗೆ ಬೇಕಾದದ್ದೇನು ಎಂದು ಕೇಳದೆಯೇ ನಾನು ಸಲಹೆ ಕೊಟ್ಟಿದ್ದೆ.

ಆ ದಿನ ಕೇಳಿದೆ: "ನಿಮಗೆ ಮರೆಯಲಾಗದ ಎರಡು ಮ್ಯಾಚ್ ಹೇಳಿ. ಸ್ಕೋರ್ ಬೇಡ. ಕಣ್ಣ ಮುಂದೆ ಬರುವುದನ್ನು ಹೇಳಿ."

ಮೊದಲನೆಯದು ಅವರು ನೋಡಿಯೇ ಇರದ ಮ್ಯಾಚ್. 1983ರ ಜೂನ್ 18, ಇಂಗ್ಲೆಂಡಿನ ಟನ್‌ಬ್ರಿಜ್ ವೆಲ್ಸ್, ವಿಶ್ವಕಪ್‌ನಲ್ಲಿ ಭಾರತ ಮತ್ತು ಜಿಂಬಾಬ್ವೆ. ಹದಿನಾಲ್ಕರ ಹುಡುಗ ಕ್ಷೌರದಂಗಡಿಯ ಬೆಂಚಿನ ಮೇಲೆ ಕುಳಿತು ಪತ್ರಿಕೆಯಲ್ಲಿ ಓದಿದ್ದು. 17 ರನ್‌ಗೆ 5 ವಿಕೆಟ್ ಎಂಬ ಸಾಲನ್ನು ಎರಡು ಸಲ ಓದಿದರಂತೆ, ಅಚ್ಚಿನ ತಪ್ಪಿರಬೇಕು ಎಂದುಕೊಂಡು.

ಎರಡನೆಯದು ಅವರದೇ. ವಿಶ್ವವಿದ್ಯಾಲಯದ ತಂಡದ ಆಯ್ಕೆಗೆ ಹೋಗಿದ್ದ ಆಫ್ ಸ್ಪಿನ್ನರ್ ಅವರು. ಸೂಚನಾ ಫಲಕದಲ್ಲಿ ಟೈಪ್ ಮಾಡಿದ ಒಂದು ಹಾಳೆ, ಮೂರು ಮೂಲೆಗೆ ಮಾತ್ರ ಗುಂಡುಪಿನ್ನು. ನಾಲ್ಕನೇ ಮೂಲೆ ಗಾಳಿಗೆ ಮಡಚಿಕೊಳ್ಳುತ್ತಿತ್ತು. ಕೊನೆಯ ಹೆಸರುಗಳಿದ್ದದ್ದು ಅಲ್ಲೇ. ಕೈಯಿಂದ ಒತ್ತಿ ಹಿಡಿದು ಓದಿದರು. ಅವರ ಹೆಸರು ಇರಲಿಲ್ಲ. ಆಮೇಲೆ ಅವರು ಲೆದರ್ ಚೆಂಡು ಹಿಡಿದಿಲ್ಲ.

ಈ ಎರಡೂ ಹೈಲೈಟ್ಸ್‌ನಲ್ಲಿ ಸಿಗುವಂಥವಲ್ಲ. ಮೊದಲನೆಯದರ ದೃಶ್ಯವೇ ಇಲ್ಲ: ಆ ದಿನದ ಆಟವನ್ನು ಟಿವಿ ಚಿತ್ರೀಕರಿಸಲಿಲ್ಲ, ಬಿಬಿಸಿ ಸಿಬ್ಬಂದಿಯ ಮುಷ್ಕರವೇ ಕಾರಣ ಎಂದು ಹೇಳುತ್ತಾ ಬಂದಿದ್ದಾರೆ. ಎರಡನೆಯದು ಆಯ್ಕೆಯಾಗದವನ ಕಥೆ. ರಾಯರ ಹಸಿವು ಎಲ್ಲಿದೆ ಎಂದು ನನಗೆ ಆಗ ಗೊತ್ತಾಯಿತು. ಒಂದು ಬೌಂಡರಿಗೂ ಇನ್ನೊಂದಕ್ಕೂ ನಡುವೆ ಕತ್ತರಿಸಿ ಎಸೆಯುವ ಭಾಗದಲ್ಲಿ ಅವರ ಕ್ರಿಕೆಟ್ ಇತ್ತು.

ಮೊದಲು ಸಿನಿಮಾ ಕೊಟ್ಟೆ, ಸಾಕ್ಷ್ಯಚಿತ್ರವನ್ನಲ್ಲ. ಕಬೀರ್ ಖಾನ್ ನಿರ್ದೇಶನದ, 2021ರಲ್ಲಿ ಬಂದ '83'. ದೃಶ್ಯವೇ ಉಳಿದಿಲ್ಲದ ಆಟವನ್ನು ನೋಡಬೇಕಾದರೆ ಯಾರಾದರೂ ಅಭಿನಯಿಸಿಯೇ ತೋರಿಸಬೇಕು. ಇಂಥ ಕಡೆ ಸಿನಿಮಾ ಮಾಡುವ ಕೆಲಸವನ್ನು ಸಾಕ್ಷ್ಯಚಿತ್ರ ಮಾಡಲಾರದು. ಆ ಪಂದ್ಯದ ಭಾಗವನ್ನು ಅದೇ ಟನ್‌ಬ್ರಿಜ್ ವೆಲ್ಸ್ ಮೈದಾನದಲ್ಲಿ ತೆಗೆದಿದ್ದಾರೆ. ನಟರಿಗೆ ತರಬೇತಿ ಕೊಟ್ಟವರು ಆ ತಂಡದಲ್ಲೇ ಆಡಿದ ಬಲ್ವಿಂದರ್ ಸಿಂಗ್ ಸಂಧು. ಕ್ರಿಕೆಟ್ ಬಲ್ಲವರಿಗೆ ಕ್ರೀಡಾ ಸಿನಿಮಾ ಆರಿಸುವಾಗ ನಾನು ಮೊದಲು ಇದನ್ನೇ ನೋಡುತ್ತೇನೆ. ಬೌಲರ್‌ನ ತೋಳು, ಬ್ಯಾಟರ್‌ನ ಪಾದ ಸುಳ್ಳು ಹೇಳಿದರೆ ಮೊದಲ ಹತ್ತು ನಿಮಿಷದಲ್ಲೇ ಅವರ ಮನಸ್ಸು ಪರದೆಯಿಂದ ಹೊರಗೆ ಬಂದುಬಿಡುತ್ತದೆ, ಆಮೇಲೆ ಎಂಥ ಭಾವುಕ ಕಥೆಯೂ ಅವರನ್ನು ಒಳಗೆ ಕರೆತರುವುದಿಲ್ಲ.

ಹೇಗೆ ನೋಡಬೇಕು ಎಂಬುದನ್ನೂ ಹೇಳಿದೆ. ಎರಡೂವರೆ ಗಂಟೆಗೂ ಹೆಚ್ಚಿನ ಸಿನಿಮಾ, ಎರಡು ಸಂಜೆಗೆ ಹಂಚಿಕೊಳ್ಳಿ. ಮೊಬೈಲ್‌ನಲ್ಲಿ ಬೇಡ, ಟಿವಿಯಲ್ಲಿ, ಮನೆಯವರ ಜೊತೆ. ಆ ಪಂದ್ಯದ ಸ್ಕೋರ್‌ಕಾರ್ಡನ್ನು ಕಾಗದದ ಮೇಲೆ ಬರೆದುಕೊಂಡು ಪಕ್ಕದಲ್ಲಿಟ್ಟುಕೊಳ್ಳಿ.

ಮುಂದಿನ ಭೇಟಿಗೆ ಆ ಕಾಗದವನ್ನೇ ತಂದಿದ್ದರು. ಗಾವಸ್ಕರ್ ಸೊನ್ನೆ, ಶ್ರೀಕಾಂತ್ ಸೊನ್ನೆ. 17ಕ್ಕೆ 5 ಆದಾಗ ಕಪಿಲ್ ದೇವ್ ಜೊತೆಗೆ ನಿಂತವರು ರೋಜರ್ ಬಿನ್ನಿ, 60 ರನ್ ಸೇರಿಸಿದರು. 140ಕ್ಕೆ 8 ಆದಾಗ ಬಂದವರು ಸೈಯದ್ ಕಿರ್ಮಾನಿ. ಮುರಿಯದ ಒಂಬತ್ತನೇ ವಿಕೆಟ್ ಜೊತೆಯಾಟ 126, ಅದರಲ್ಲಿ ಕಿರ್ಮಾನಿಯವರದು 24. ಕಪಿಲ್ ಅಜೇಯ 175. ಭಾರತ 8 ವಿಕೆಟ್‌ಗೆ 266, ಗೆಲುವು 31 ರನ್‌ಗಳಿಂದ. ಆ 24ರ ಸುತ್ತ ರಾಯರು ಪೆನ್ಸಿಲ್‌ನಿಂದ ವೃತ್ತ ಎಳೆದಿದ್ದರು. "ಇಷ್ಟು ವರ್ಷ 175 ಮಾತ್ರ ನೆನಪಿತ್ತು. ನಮ್ಮ ಕರ್ನಾಟಕದ ಇಬ್ಬರು ಇನ್ನೊಂದು ತುದಿ ಹಿಡಿದಿದ್ದು ಮರೆತೇಹೋಗಿತ್ತು" ಎಂದರು. ಕಾಗದದ ಇನ್ನೊಂದು ಬದಿಯಲ್ಲಿ, ಗಡಿಯ ಸೈನಿಕರ ಪ್ರಸಂಗದಂತೆ ಸ್ಕೋರ್‌ಕಾರ್ಡ್ ಸಾಕ್ಷಿ ಹೇಳಲಾಗದ ದೃಶ್ಯಗಳ ಪಟ್ಟಿ ಇತ್ತು. ಸಿನಿಮಾ ಕೆಟ್ಟದ್ದು ಎಂದು ಅವರಿಗೆ ಅನಿಸಿರಲಿಲ್ಲ. ಎಲ್ಲಿ ದಾಖಲೆ ಮುಗಿದು ಕಥೆ ಶುರುವಾಗುತ್ತದೆ ಎಂದು ತಿಳಿದುಕೊಂಡು ನೋಡಿದ್ದರು, ಅದರಿಂದ ಅವರ ಸಂತೋಷ ಹೆಚ್ಚೇ ಆಗಿತ್ತು.

ಆಮೇಲೆ ಸಾಕ್ಷ್ಯಚಿತ್ರಕ್ಕೆ ಹೋದೆವು. ಮೊದಲು ಎಡವಿದ್ದೇ ಅಲ್ಲಿ, ಆದ್ದರಿಂದ ಈ ಸಲ ನಿಧಾನವಾಗಿ ವಿವರಿಸಿದೆ. ಕ್ಯಾಮೆರಾ ಡ್ರೆಸ್ಸಿಂಗ್ ರೂಮಿಗೆ ಹೋಗಬೇಕಾದರೆ ಮಂಡಳಿಯೋ ತಂಡವೋ ಬಾಗಿಲು ತೆರೆಯಬೇಕು. ಬಾಗಿಲು ತೆರೆದವರಿಗೆ ತಮ್ಮ ಹೆಸರು ಕೆಡಬಾರದು ಎಂಬ ಆಸೆ ಸಹಜವಾಗಿಯೇ ಇರುತ್ತದೆ. ಹಾಗೆಂದು ಅನುಮತಿ ಪಡೆದು ತೆಗೆದದ್ದೆಲ್ಲ ಪ್ರಚಾರವೇ ಆಗಬೇಕಿಲ್ಲ. 2018ರಲ್ಲಿ ಕೇಪ್‌ಟೌನ್‌ನಲ್ಲಿ ಚೆಂಡನ್ನು ಮರಳುಕಾಗದದಿಂದ ಉಜ್ಜಿ ಸಿಕ್ಕಿಬಿದ್ದ ಹಗರಣದ ನಂತರದ ಆಸ್ಟ್ರೇಲಿಯಾ ತಂಡವನ್ನು ಹಿಂಬಾಲಿಸುವ 'ದಿ ಟೆಸ್ಟ್' ಸರಣಿ ಅಂಥದ್ದು. 2019ರ ಹೆಡಿಂಗ್ಲಿಯಲ್ಲಿ ಇಂಗ್ಲೆಂಡಿನ ಬೆನ್ ಸ್ಟೋಕ್ಸ್ ಅಜೇಯ 135 ಹೊಡೆದು ಇದೇ ಆಸ್ಟ್ರೇಲಿಯಾ ವಿರುದ್ಧ ಒಂದು ವಿಕೆಟ್‌ನಿಂದ ಗೆದ್ದರಲ್ಲ, ಆ ಆಟದ ಹೈಲೈಟ್ಸನ್ನು ರಾಯರು ಎಷ್ಟು ಸಲ ನೋಡಿದ್ದರೋ ಲೆಕ್ಕವಿಲ್ಲ. ಸರಣಿಯಲ್ಲಿ ಕೋಚ್ ಜಸ್ಟಿನ್ ಲ್ಯಾಂಗರ್ ಸೋತ ಆಟಗಾರರನ್ನು ಕೂರಿಸಿ ಆ ಕೊನೆಯ ಓವರ್‌ಗಳನ್ನೇ ಮತ್ತೆ ನೋಡಿಸುತ್ತಾರೆ. ನಾವು ಕುಣಿದು ನೋಡುವ ಅದೇ ಚೆಂಡುಗಳನ್ನು ಅವರು ತಲೆ ತಗ್ಗಿಸಿ ನೋಡುತ್ತಾರೆ.

ಗುರುತಿಸುವ ಬಗೆ ಹೀಗೆ ಎಂದು ರಾಯರಿಗೆ ಹೇಳಿದೆ: ಮೊದಲ ಅರ್ಧ ಗಂಟೆಯಲ್ಲಿ ಯಾರಾದರೂ ತಮಗೇ ಒಳ್ಳೆಯ ಹೆಸರು ತರದ ಒಂದು ಮಾತು ಆಡಿದರೇ ಎಂದು ನೋಡಿ. ಆಡಿರದಿದ್ದರೆ ಅಲ್ಲಿಗೇ ನಿಲ್ಲಿಸಿಬಿಡಿ. ಎದುರು ತಂಡದವರ ದನಿ ಇದೆಯೇ ಎಂಬುದನ್ನೂ ಗಮನಿಸಿ. 'ಫೈರ್ ಇನ್ ಬ್ಯಾಬಿಲಾನ್' (2010) ಚಿತ್ರದಲ್ಲಿ ಕ್ಲೈವ್ ಲಾಯ್ಡ್ ಅವರ ವೆಸ್ಟ್ ಇಂಡೀಸ್ ತಂಡದ ಕಥೆಯನ್ನು ಆ ತಂಡದವರೇ ಹೇಳುತ್ತಾರೆ. ಚಿತ್ರದ ಬಲವೂ ಅದೇ, ಮಿತಿಯೂ ಅದೇ. ರಾಯರು ಅದನ್ನು ಬಹಳ ಮೆಚ್ಚಿದರು. ವೇಗದ ಬೌಲಿಂಗಿನ ಹಿಂದೆ ಇಷ್ಟು ಅವಮಾನದ ಇತಿಹಾಸ ಇತ್ತು ಎಂದು ತಮಗೆ ಗೊತ್ತಿರಲಿಲ್ಲ ಎಂದರು.

ಆದರೆ ಅವರನ್ನು ನಿಜವಾಗಿ ಮುಟ್ಟಿದ್ದು ಅಫ್ಘಾನಿಸ್ತಾನದ ತಂಡದ ಮೇಲಿನ 'ಔಟ್ ಆಫ್ ದಿ ಆ್ಯಷಸ್' (2010). ನಿರಾಶ್ರಿತರ ಶಿಬಿರಗಳಲ್ಲಿ ಆಟ ಕಲಿತ ಹುಡುಗರನ್ನು ಕಟ್ಟಿಕೊಂಡು ತಾಜ್ ಮಲಿಕ್ ಎಂಬ ಕೋಚ್ 2008ರಲ್ಲಿ ಜೆರ್ಸಿ ದ್ವೀಪಕ್ಕೆ, ವಿಶ್ವ ಕ್ರಿಕೆಟ್ ಲೀಗಿನ ಐದನೇ ದರ್ಜೆಯ ಪಂದ್ಯಾವಳಿಗೆ ಹೋಗುತ್ತಾರೆ. ಫೈನಲ್‌ನಲ್ಲಿ ಜೆರ್ಸಿ 80ಕ್ಕೆ ಔಟ್, ಅಫ್ಘಾನಿಸ್ತಾನ 8 ವಿಕೆಟ್ ಕಳೆದುಕೊಂಡು ಗೆಲ್ಲುತ್ತದೆ. ತಂಡ ಮೇಲಕ್ಕೆ ಏರುತ್ತದೆ, ಕೋಚ್ ಬದಲಾಗುತ್ತಾರೆ. ಕಟ್ಟಿದವರು ಪಕ್ಕಕ್ಕೆ ಸರಿಯುತ್ತಾರೆ, ಕ್ಯಾಮೆರಾ ಅವರನ್ನು ಬಿಟ್ಟುಹೋಗುವುದಿಲ್ಲ.

ಇದರ ಬಗ್ಗೆ ಮಾತಾಡುವಾಗ ರಾಯರು ತುಸು ಹೊತ್ತು ಸುಮ್ಮನಿದ್ದು, ಆ ಸೂಚನಾ ಫಲಕದ ವಿಷಯ ಮತ್ತೆ ಎತ್ತಿದರು. ಮೂವತ್ತೈದು ವರ್ಷ ಪತ್ನಿಗೂ ಹೇಳಿರಲಿಲ್ಲವಂತೆ. ಚಿತ್ರ ಮುಗಿದ ರಾತ್ರಿ ಹೇಳಿದರಂತೆ.

ಎರಡು ಚಿತ್ರಗಳ ವಿಚಾರದಲ್ಲಿ ನಾನು ತಡೆಹಿಡಿದೆ. ಆಯ್ಕೆ ಮಾಡಿಕೊಡುವವರು ಚಿತ್ರವನ್ನು ಬಲ್ಲಷ್ಟೇ ನೋಡುವವರನ್ನೂ ಬಲ್ಲವರಾಗಿರಬೇಕು, ಅದಕ್ಕಾಗಿ ಇದನ್ನು ಬರೆಯುತ್ತೇನೆ. ನಾನಿ ನಟಿಸಿದ ತೆಲುಗಿನ 'ಜೆರ್ಸಿ' (2019) ಮೂವತ್ತಾರರ ವಯಸ್ಸಿನಲ್ಲಿ ಮತ್ತೆ ಆಡಲು ಹೊರಡುವವನ ಕಥೆ. ಬಿಟ್ಟ ಆಟದ ನೋವು ಬಲ್ಲ ರಾಯರಿಗೆ ಹೇಳಿಮಾಡಿಸಿದಂತಿದೆ ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಕಥೆಯ ತಿರುವಿನಲ್ಲಿ ಹೃದಯದ ಕಾಯಿಲೆ ಇದೆ. ಸ್ಟೆಂಟ್ ಹಾಕಿಸಿಕೊಂಡವರಿಗೆ ಅದು ಅನಿರೀಕ್ಷಿತವಾಗಿ ಎದುರಾಗಬಾರದು. ಕುತೂಹಲ ಕೆಟ್ಟರೂ ಚಿಂತೆಯಿಲ್ಲವೆಂದು ಮೊದಲೇ ತಿಳಿಸಿ, ನಿರ್ಧಾರವನ್ನು ಅವರಿಗೇ ಬಿಟ್ಟೆ. ಸದ್ಯಕ್ಕೆ ಬೇಡ ಎಂದರು.

ಇನ್ನೊಂದು 'ದಿ ಎಡ್ಜ್' (2019). 2011ರಲ್ಲಿ ಟೆಸ್ಟ್ ಕ್ರಿಕೆಟಿನ ಮೊದಲ ಸ್ಥಾನಕ್ಕೇರಿದ ಇಂಗ್ಲೆಂಡ್ ತಂಡ ಅದಕ್ಕಾಗಿ ತೆತ್ತ ಬೆಲೆಯ ಕಥೆ. 2013ರಲ್ಲಿ ಬ್ರಿಸ್ಬೇನ್ ಟೆಸ್ಟ್ ಮುಗಿದ ಕೂಡಲೇ ಸರಣಿಯನ್ನೇ ಬಿಟ್ಟು ಮನೆಗೆ ಮರಳಿದ ಜೊನಾಥನ್ ಟ್ರಾಟ್ ತಮ್ಮ ಮನಸ್ಸಿನ ಸ್ಥಿತಿಯ ಬಗ್ಗೆ ಅದರಲ್ಲಿ ಮುಚ್ಚುಮರೆಯಿಲ್ಲದೆ ಮಾತಾಡುತ್ತಾರೆ. ಒಳ್ಳೆಯ ಚಿತ್ರ. ಆದರೆ ರಾಯರ ನಿದ್ರೆ ಸರಿಹೋಗುವವರೆಗೆ ಕಾಯಲು ಹೇಳಿದೆ. ಆರು ವಾರಗಳ ನಂತರ ನೋಡಿದರು, ಹಗಲು ಹೊತ್ತಿನಲ್ಲಿ, ಮರುದಿನ ನನ್ನ ಜೊತೆ ಭೇಟಿ ಇಟ್ಟುಕೊಂಡು.

ಕೊನೆಗೆ ನಾವು ಒಪ್ಪಿಕೊಂಡ ಕ್ರಮ ಇಷ್ಟೇ. ವಾರಕ್ಕೊಂದು ಚಿತ್ರ, ರಾತ್ರಿ ಹತ್ತರೊಳಗೆ ಟಿವಿ ಆಫ್. ಒಂದು ಸಿನಿಮಾ ನೋಡಿದರೆ ಮುಂದಿನ ವಾರ ಸಾಕ್ಷ್ಯಚಿತ್ರ. ಇಂಗ್ಲಿಷ್ ಚಿತ್ರವಾದರೆ ಅರ್ಧಕ್ಕೊಮ್ಮೆ ನಿಲ್ಲಿಸಿ ಪತ್ನಿಗೆ ಕಥೆ ಹೇಳಬೇಕು, ಏಕೆಂದರೆ ಸಬ್‌ಟೈಟಲ್ ಅಷ್ಟು ವೇಗವಾಗಿ ಓದಲು ಅವರಿಗೆ ಆಗುವುದಿಲ್ಲ. ಹೈಲೈಟ್ಸ್ ಬೇಡವೆಂದಿಲ್ಲ. ಆ ದಿನ ನಡೆದ ಮ್ಯಾಚಿನದು ಮಾತ್ರ, ಒಂದು ಸಲ.

ಮೂರನೇ ತಿಂಗಳು ಫೋನ್ ಮಾಡಿದವರು ಅವರ ಪತ್ನಿ. ಬೌಲಿಂಗ್ ಮಾಡುವ ಕಿವುಡ, ಮೂಗ ಹುಡುಗನ ಕಥೆಯ 'ಇಕ್ಬಾಲ್' (2005) ನೋಡಿದರಂತೆ, ಅದು ಅವರದೇ ಆಯ್ಕೆ. ರನ್ ಅಪ್ ಎಂದರೇನು ಎಂದು ಕೇಳಿದ್ದಕ್ಕೆ ರಾಯರು ಕುರ್ಚಿ ಸರಿಸಿ ನಡುಮನೆಯಲ್ಲಿ ಹೆಜ್ಜೆ ಅಳೆದು ತೋರಿಸಿದರಂತೆ. "ಆಫ್ ಸ್ಪಿನ್ನರ್‌ಗೆ ನಾಲ್ಕೇ ಹೆಜ್ಜೆ ಸಾಕಂತೆ ಮೇಡಂ, ಹೌದಾ?" ಎಂದು ಕೇಳಿದರು.