28ರ ಮಿತಿಯನ್ನು ಮೊಬೈಲಿನ ಡಿಗ್ರಿಗೆ ಹಚ್ಚಬೇಡಿ

"ಏಪ್ರಿಲ್‌ನಲ್ಲಿ ಮಂಗಳೂರಲ್ಲಿ 10 ಕಿ.ಮೀ. ಓಟ ಇಟ್ಟಿದ್ದೇವೆ. ಬೆಳಗ್ಗೆ 9ಕ್ಕೆ ಮೊಬೈಲಲ್ಲಿ 31 ಡಿಗ್ರಿ. ಮಿತಿ 28 ಅಂತಾರೆ, ರದ್ದು ಮಾಡಬೇಕಾ?"

ಆ 28 ಗಾಳಿಯ ಉಷ್ಣತೆಯಲ್ಲ ಸಾರ್, ಡಬ್ಲ್ಯುಬಿಜಿಟಿ, ಅಂದರೆ ಮೈಗೆ ತಟ್ಟುವ ಒಟ್ಟು ಶಾಖದ ಅಳತೆ. ಅದರಲ್ಲಿ ಮೂರು ಅಳತೆ ಸೇರುತ್ತವೆ: ಒದ್ದೆ ಬತ್ತಿ ಸುತ್ತಿ ಬಿಸಿಲುಗಾಳಿಗೆ ತೆರೆದಿಟ್ಟ ಥರ್ಮಾಮೀಟರ್, ಕಪ್ಪು ಗೋಲದೊಳಗಿನ ಥರ್ಮಾಮೀಟರ್, ಮತ್ತೆ ನೆರಳಿನ ಗಾಳಿಯ ಉಷ್ಣತೆ. ಇವೇ ಕ್ರಮವಾಗಿ Tnw, Tg, Ta:

```
WBGT = 0.7 Tnw + 0.2 Tg + 0.1 Ta
```

ಒದ್ದೆ ಬತ್ತಿಗೇ ಶೇ. 70 ಪಾಲು ಯಾಕೆಂದರೆ, ಓಡುವವನ ಮೈ ತಣಿಯುವುದು ಹೆಚ್ಚಾಗಿ ಬೆವರು ಆರುವುದರಿಂದ. ಕರಾವಳಿಯಲ್ಲಿ ಬೆವರು ಸುರಿಯುತ್ತದೆ, ಬೇಗ ಆರುವುದಿಲ್ಲ.

ಒಂದು ಉದಾಹರಣೆ ಲೆಕ್ಕ ಹಾಕೋಣ. 9 ಗಂಟೆಗೆ ಒದ್ದೆ ಬತ್ತಿ 26, ಗೋಲ 42, ಗಾಳಿ 31 ಇದ್ದರೆ 18.2 + 8.4 + 3.1, ಅಂದರೆ 29.7. ಓಡಿಸಲೇಬಾರದು. ಅದೇ ದಿನ ಸೂರ್ಯ ಹುಟ್ಟುವ ಮೊದಲು ಬತ್ತಿ 25, ಗೋಲ, ಗಾಳಿ ಎರಡೂ 27 ಇದ್ದರೆ 25.6. ಇದೂ ತಂಪೇನಲ್ಲ. ಅಮೆರಿಕದ ಕ್ರೀಡಾ ವೈದ್ಯರ ಹಳೆಯ ಬಾವುಟ ಪದ್ಧತಿಯಲ್ಲಿ 23ರಿಂದ 28 ಕೆಂಪು, ಅಂದರೆ ಅಪಾಯ ಹೆಚ್ಚು. 28 ದಾಟಿದರೆ ಕಪ್ಪು. ಆದರೂ ರದ್ದು ಮಾಡುವುದಕ್ಕಿಂತ 5:30ಕ್ಕೆ ಶುರು ಮಾಡಿ, ಕೊನೆಯವರು 7ರೊಳಗೆ ಮುಗಿಸುವಂತೆ ನೋಡಿಕೊಳ್ಳಿ.

ಉಪಕರಣವನ್ನು ಶಾಮಿಯಾನದಡಿ ಇಡಬೇಡಿ; ನೆರಳಲ್ಲಿ ಗೋಲ ಬಿಸಿಯಾಗದೆ ಸಂಖ್ಯೆ ಇಳಿದುಬಿಡುತ್ತದೆ. ಓಟದ ದಾರಿಯಲ್ಲೇ, ಬಿಸಿಲಿಗೆ, ಸುಮಾರು ಎದೆಮಟ್ಟದಲ್ಲಿ ನಿಲ್ಲಿಸಿ, ಅರ್ಧ ಗಂಟೆಗೊಮ್ಮೆ ಓದಿ.

ಮಡಿಕೇರಿಯಂಥ ತಂಪು ಊರಿಂದ ಹಿಂದಿನ ದಿನ ಬಂದವರಿಗೆ ಈ ಮಿತಿಯೂ ಜಾಸ್ತಿಯೇ. ಸೆಕೆಗೆ ಮೈ ಒಗ್ಗಲು ಒಂದೆರಡು ವಾರ ಬೇಕು. ಯಾರಾದರೂ ತೂರಾಡಿದರೆ, ಅಸಂಬದ್ಧ ಮಾತಾಡಿದರೆ ಗ್ಲೂಕೋಸ್ ಹುಡುಕುತ್ತಾ ಕೂರದೆ ಮೊದಲು ಐಸ್ ನೀರಿನ ತೊಟ್ಟಿಗೆ ಕುತ್ತಿಗೆವರೆಗೆ ಇಳಿಸಿ, ತಲೆ ಹಿಡಿದುಕೊಂಡಿರಿ. ಮೈ ತಣಿದ ಮೇಲೆ ಆಂಬುಲೆನ್ಸ್ ಆಸ್ಪತ್ರೆಗೆ ಹೊರಡಲಿ.